ಐದು ದಿನ ಅವರಿಗೆ, ಒಂದೂ ಇಲ್ಲ ನನಗೆ: ಪರೀಕ್ಷಾ ಡ್ಯೂಟಿ ಹಂಚುವ ಲೆಕ್ಕ

ಗದಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಹತ್ತನೇ ತರಗತಿಯ ಕಿರುಪರೀಕ್ಷೆಗೆ ಡ್ಯೂಟಿ ಪಟ್ಟಿ ಹಾಕಿ ಎಂದು ಹೆಡ್ ಮಾಸ್ತರು ಮೊದಲ ಸಲ ನನಗೆ ಹೇಳಿದಾಗ, ಅದು ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಹಾಜರಿ ಪುಸ್ತಕ ತೆಗೆದೆ. ದಿನಕ್ಕೆ ಇಬ್ಬರು ಬೇಕಿತ್ತು. ಪ್ರತಿ ದಿನವೂ ಮೇಲಿನಿಂದ ಹೆಸರು ನೋಡುತ್ತ ಬಂದು, ಆ ಹೊತ್ತಿಗೆ ತರಗತಿ ಇಲ್ಲದ ಮೊದಲ ಇಬ್ಬರನ್ನು ಬರೆದೆ. ಆರು ದಿನದ ಪಟ್ಟಿ ಮುಗಿಯಿತು, ನೋಟಿಸ್ ಬೋರ್ಡಿಗೂ ಹಚ್ಚಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿ ಅಕ್ಕೋರು ಸ್ಟಾಫ್ ರೂಮಿನಲ್ಲಿ ನನ್ನ ಎದುರು ಬಂದು ಕೂತರು. "ಏನ್ರಿ ಸರ, ಹಿಂದಿ ಕಲಿಸೋರು ಅಂದ್ರ ಖಾಲಿ ಕುಂತೋರು ಅಂತ ತಿಳದೀರೇನ್ರಿ? ನಂದು ನಾಕು, ಸಮಾಜದ ಸರದು ಐದು. ನಿಮ್ಮದು ಎಷ್ಟ್ರಿ?"

ನಂದು ಸೊನ್ನೆ. ಬೇಕಂತ ಮಾಡಿದ್ದಲ್ಲ, ಆದರೆ ಪಟ್ಟಿ ಬರೆದವನದೇ ಸೊನ್ನೆ ಬಂದರೆ ಯಾರು ನಂಬುತ್ತಾರೆ? ಆವತ್ತು ಮನೆಗೆ ಹೋಗಿ ಇದನ್ನು ಸರಿಯಾಗಿ ಕೂತು ಬಿಡಿಸಿದೆ. ಅದೇ ಆರು ದಿನದ ಪಟ್ಟಿಯನ್ನು ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಮೊದಲು ಸನ್ನಿವೇಶ ತಿಳಿಯಲಿ. ಇದು ಮಂಡಳಿ ನಡೆಸುವ ಎಸ್ಸೆಸ್ಸೆಲ್ಸಿ ಪರೀಕ್ಷೆ ಅಲ್ಲ. ಅಲ್ಲಿ ಕೇಂದ್ರ, ಮುಖ್ಯ ಅಧೀಕ್ಷಕರು, ಕೊಠಡಿ ಮೇಲ್ವಿಚಾರಕರು ಎಲ್ಲ ಬೇರೆಯೇ ವ್ಯವಸ್ಥೆ. ನಾನು ಹೇಳುತ್ತಿರುವುದು ಶಾಲೆಯೊಳಗಿನ ಪರೀಕ್ಷೆ. ಹತ್ತನೇ ತರಗತಿಯವರು ಎರಡು ಕೊಠಡಿಯಲ್ಲಿ ಬರೆಯುತ್ತಿರುತ್ತಾರೆ, ಅದೇ ಹೊತ್ತಿಗೆ ಎಂಟು ಮತ್ತು ಒಂಬತ್ತನೇ ತರಗತಿಗಳಿಗೆ ಪಾಠ ನಡೆದಿರುತ್ತದೆ. ಪರೀಕ್ಷೆ ಒಂದೂವರೆ ತಾಸು, ಅಂದರೆ ಪ್ರಾರ್ಥನೆ ಆದ ಮೇಲಿನ ಮೊದಲ ಎರಡು ಪೀರಿಯಡ್. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ವಿಷಯ: ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ವಿಷಯಕ್ಕೊಬ್ಬರಂತೆ ಆರು ಶಿಕ್ಷಕರು. ದೈಹಿಕ ಶಿಕ್ಷಕರನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅವರು ಗಂಟೆ ನೋಡಿಕೊಂಡು, ಯಾರಾದರೂ ಐದು ನಿಮಿಷ ಹೊರಗೆ ಹೋದರೆ ಬದಲಿಗೆ ನಿಲ್ಲುತ್ತಾರೆ.

ಆರು ದಿನ, ದಿನಕ್ಕೆ ಎರಡು ಕೊಠಡಿ, ಒಟ್ಟು 12 ಡ್ಯೂಟಿ. ಆರು ಜನಕ್ಕೆ ಹಂಚಿದರೆ ತಲಾ ಎರಡು. ಲೆಕ್ಕ ಇಷ್ಟೇ ಆಗಿದ್ದರೆ ಸಿಟ್ಟು ಬರುವ ಪ್ರಸಂಗವೇ ಇರುತ್ತಿರಲಿಲ್ಲ.

ತೊಡಕು ಬರುವುದು ಎರಡು ಕಡೆಯಿಂದ. ತರಗತಿ ಇದ್ದವರು ಪರೀಕ್ಷಾ ಕೊಠಡಿಗೆ ಬರಲಾಗದು. ಎರಡು ಪೀರಿಯಡ್‌ನಲ್ಲಿ ಒಂದೇ ಪೀರಿಯಡ್ ಪಾಠವಿದ್ದರೂ ಆ ದಿನ ಅವರು ಸಿಗುವುದಿಲ್ಲ. ಇನ್ನೊಂದು, ತಮ್ಮದೇ ವಿಷಯದ ಪರೀಕ್ಷೆಯ ದಿನ ಆ ಶಿಕ್ಷಕರನ್ನು ಕೊಠಡಿಗೆ ಹಾಕುವುದಿಲ್ಲ. ಮಕ್ಕಳು ಪ್ರಶ್ನೆಯ ಅರ್ಥ ಕೇಳುತ್ತಾರೆ, ಮಾಸ್ತರಿಗೂ ಮನಸ್ಸು ತಡೆಯದು. ಶಾಲೆಯೊಳಗಿನ ಪರೀಕ್ಷೆಗೂ ಈ ಪದ್ಧತಿ ಇಟ್ಟುಕೊಂಡರೆ ಒಳ್ಳೆಯದು.

ಈಗ ಒಂದು ದಿನದ ಲೆಕ್ಕ ಹಾಕಿ. ಎರಡು ತರಗತಿ, ತಲಾ ಎರಡು ಪೀರಿಯಡ್, ಅಂದರೆ ನಾಲ್ಕು ಪಾಠ. ನಾಲ್ಕಕ್ಕೂ ನಾಲ್ಕು ಬೇರೆ ಬೇರೆ ಶಿಕ್ಷಕರು ಹೋದರು, ಆ ದಿನದ ವಿಷಯ ಶಿಕ್ಷಕರು ಐದನೆಯವರಾಗಿ ಹೊರಗುಳಿದರು ಅನ್ನಿ. ಆರರಲ್ಲಿ ಉಳಿಯುವುದು ಒಬ್ಬರು. ಕೊಠಡಿ ಎರಡು. ಪಟ್ಟಿ ಹಾಕುವುದಕ್ಕಿಂತ ಮೊದಲೇ ಸೋತಂತಾಯಿತು.

ಇದಕ್ಕೆ ನಾವು ಮಾಡುವ ಉಪಾಯ ಸರಳ. ಆ ದಿನದ ವಿಷಯ ಶಿಕ್ಷಕರು ಹೇಗೂ ಕೊಠಡಿಗೆ ಹೋಗುವಂತಿಲ್ಲವಲ್ಲ, ಅವರನ್ನೇ ಎಂಟಕ್ಕೋ ಒಂಬತ್ತಕ್ಕೋ ಪಾಠಕ್ಕೆ ಕಳಿಸುವುದು. ಕನ್ನಡ ಪರೀಕ್ಷೆಯ ದಿನ ಬೆಳಗಿನ ಮೊದಲ ಪೀರಿಯಡ್ ಎಂಟನೇ ತರಗತಿಗೆ ಕನ್ನಡ, ಎರಡನೆಯದು ಒಂಬತ್ತಕ್ಕೆ ಕನ್ನಡ. ಹೀಗೆ ಮಾಡಿದರೆ ನಾಲ್ಕು ಪಾಠಕ್ಕೆ ಮೂವರು ಸಾಕು, ಆ ಮೂವರಲ್ಲೇ ವಿಷಯ ಶಿಕ್ಷಕರೂ ಸೇರಿಬಿಡುತ್ತಾರೆ, ಉಳಿದ ಮೂವರು ಡ್ಯೂಟಿಗೆ ಸಿಗುತ್ತಾರೆ. ಆ ಒಂದು ವಾರದ ಮಟ್ಟಿಗೆ ವೇಳಾಪಟ್ಟಿಯಲ್ಲಿ ನಾಲ್ಕೈದು ಪೀರಿಯಡ್ ಅದಲುಬದಲು ಮಾಡಬೇಕಾಗುತ್ತದೆ, ಅಷ್ಟೇ. ಡ್ಯೂಟಿ ಪಟ್ಟಿಗೆ ಕೈ ಹಾಕುವ ಮೊದಲು ಮಾಡಬೇಕಾದ ಕೆಲಸ ಇದು. ಬಹಳ ಕಡೆ ಇದನ್ನು ಮಾಡದೆ, ಸಿಕ್ಕವರ ಮೇಲೆ ಹೊರೆ ಹಾಕುತ್ತಾರೆ.

ಆ ವಾರ ನಮ್ಮಲ್ಲಿ ಯಾವ ದಿನ ಯಾರು ಖಾಲಿ ಇದ್ದರು ಅನ್ನುವುದು ಹೀಗಿತ್ತು:

| ದಿನ | ಪರೀಕ್ಷೆ | ಮೊದಲ ಎರಡು ಪೀರಿಯಡ್ ಖಾಲಿ ಇರುವವರು |
|---|---|---|
| ಸೋಮ | ಕನ್ನಡ | ಸಮಾಜ, ಹಿಂದಿ, ವಿಜ್ಞಾನ |
| ಮಂಗಳ | ಇಂಗ್ಲಿಷ್ | ಸಮಾಜ, ಹಿಂದಿ, ಕನ್ನಡ |
| ಬುಧ | ಹಿಂದಿ | ಸಮಾಜ, ವಿಜ್ಞಾನ, ಕನ್ನಡ |
| ಗುರು | ಗಣಿತ | ಸಮಾಜ, ಹಿಂದಿ, ಇಂಗ್ಲಿಷ್ |
| ಶುಕ್ರ | ವಿಜ್ಞಾನ | ಸಮಾಜ, ಹಿಂದಿ, ಗಣಿತ |
| ಶನಿ | ಸಮಾಜ | ವಿಜ್ಞಾನ, ಇಂಗ್ಲಿಷ್, ಗಣಿತ |

ಸಮಾಜದ ಸರ್ ಐದು ದಿನ ಖಾಲಿ, ಹಿಂದಿ ಅಕ್ಕೋರು ನಾಲ್ಕು ದಿನ. ನಾನು ಎರಡೇ ದಿನ. ಇದು ಆಕಸ್ಮಿಕವಲ್ಲ. ಮಕ್ಕಳ ತಲೆ ಬೆಳಿಗ್ಗೆ ಚುರುಕಾಗಿರುತ್ತದೆ ಎಂದು ಗಣಿತವನ್ನು ಮುಂಜಾನೆಯ ಪೀರಿಯಡ್‌ಗೆ ಹಾಕುವುದು ಬಹಳ ಶಾಲೆಗಳ ರೂಢಿ. ಸಮಾಜ, ಹಿಂದಿ ಮಧ್ಯಾಹ್ನಕ್ಕೆ ಹೋಗುತ್ತವೆ. ಪರೀಕ್ಷೆ ಬೆಳಿಗ್ಗೆ ಇದ್ದರೆ, ಮಧ್ಯಾಹ್ನ ಪಾಠ ಮಾಡುವವರು ಮಾತ್ರ ಖಾಲಿ ಕಾಣುತ್ತಾರೆ. ಅವರ ವಾರದ ಒಟ್ಟು ಪೀರಿಯಡ್ ನನ್ನಷ್ಟೇ ಇರುತ್ತದೆ. ಊಟವಾದ ಮೇಲೆ ಅವರು ಮೂರು ಪೀರಿಯಡ್ ಸತತ ನಿಂತು ಪಾಠ ಮಾಡುವಾಗ, ನಾನು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿರುತ್ತೇನೆ. ಹಾಗಾಗಿ "ಲೀಜರ್ ಇದ್ದೋರಿಗೆ ಡ್ಯೂಟಿ ಕೊಡ್ರಿ" ಅನ್ನುವ ಮಾತು ಕೇಳಲು ನ್ಯಾಯವಾಗಿ ಕಂಡರೂ, ನಿಜದಲ್ಲಿ ವೇಳಾಪಟ್ಟಿ ಹಾಕಿದವರ ಕೈಗುಣಕ್ಕೆ ಬೇರೆಯವರು ದಂಡ ತೆರುವ ವ್ಯವಸ್ಥೆ. ವಾರದ ಒಟ್ಟು ಪೀರಿಯಡ್ ಹೆಚ್ಚುಕಡಿಮೆ ಒಂದೇ ಇದ್ದಾಗ ಡ್ಯೂಟಿಯ ಸಂಖ್ಯೆಯೂ ಒಂದೇ ಇರಬೇಕು ಎಂಬುದು ನನ್ನ ನಿಲುವು. ಒಬ್ಬರದು ಬಹಳ ಕಡಿಮೆ, ಇನ್ನೊಬ್ಬರದು ಬಹಳ ಹೆಚ್ಚು ಇದ್ದರೆ ಮಾತ್ರ ಪಾಲನ್ನು ಅದಕ್ಕೆ ತಕ್ಕಂತೆ ಏರಿಳಿಸಬಹುದು.

ನನ್ನ ಮೊದಲ ಪಟ್ಟಿ ಎಲ್ಲಿ ಕೆಟ್ಟಿತು ಎಂದು ಈಗ ನೋಡಿ. ಹಾಜರಿ ಪುಸ್ತಕದಲ್ಲಿ ಹೆಸರುಗಳು ಸೇವಾ ಹಿರಿತನದ ಕ್ರಮದಲ್ಲಿದ್ದವು: ಸಮಾಜ, ಹಿಂದಿ, ವಿಜ್ಞಾನ, ಕನ್ನಡ, ಇಂಗ್ಲಿಷ್, ಕೊನೆಗೆ ನಾನು. ದಿನಾಲೂ ಮೇಲಿನಿಂದ ಖಾಲಿ ಇದ್ದ ಮೊದಲ ಇಬ್ಬರನ್ನು ಹಿಡಿದಾಗ ಸೋಮ, ಮಂಗಳ, ಗುರು, ಶುಕ್ರ ನಾಲ್ಕೂ ದಿನ ಸಮಾಜ–ಹಿಂದಿ ಜೋಡಿ, ಬುಧವಾರ ಸಮಾಜ–ವಿಜ್ಞಾನ, ಶನಿವಾರ ವಿಜ್ಞಾನ–ಇಂಗ್ಲಿಷ್ ಬಂತು. ಎಣಿಸಿದರೆ ಸಮಾಜ 5, ಹಿಂದಿ 4, ವಿಜ್ಞಾನ 2, ಇಂಗ್ಲಿಷ್ 1, ಕನ್ನಡ 0, ಗಣಿತ 0. ನಿಯಮ ಒಂದೂ ಮುರಿದಿಲ್ಲ, ತರಗತಿ ಒಂದೂ ತಪ್ಪಿಲ್ಲ, ಆದರೂ ಪಟ್ಟಿ ಅನ್ಯಾಯದ್ದು.

ಇದನ್ನು ಹರಿದುಹಾಕಿ ಹೊಸದಾಗಿ ಬರೆಯಬೇಕಿಲ್ಲ. ಇದ್ದ ಪಟ್ಟಿಯನ್ನೇ ತಿದ್ದಬಹುದು. ಹೆಚ್ಚು ಇದ್ದವರ ಒಂದು ಡ್ಯೂಟಿಯನ್ನು, ಆ ದಿನ ಖಾಲಿ ಇದ್ದು ಕಡಿಮೆ ಡ್ಯೂಟಿ ಇರುವವರಿಗೆ ದಾಟಿಸುತ್ತ ಹೋಗುವುದು. ಇಬ್ಬರ ನಡುವೆ ಎರಡು ಅಥವಾ ಹೆಚ್ಚಿನ ಅಂತರ ಇದ್ದಾಗ ಮಾತ್ರ ದಾಟಿಸಬೇಕು. ಒಂದೇ ಅಂತರವಿದ್ದರೆ ದಾಟಿಸಿ ಉಪಯೋಗವಿಲ್ಲ, ಭಾರ ಇವರ ತಲೆಯಿಂದ ಅವರ ತಲೆಗೆ ಹೋಗುತ್ತದೆ ಅಷ್ಟೆ.

ಶುಕ್ರವಾರ ನಾನು ಖಾಲಿ. ಸಮಾಜದ ಸರ್ ಅವರ ಶುಕ್ರವಾರವನ್ನು ನಾನು ತೆಗೆದುಕೊಂಡೆ. ಅವರದು 4, ನನ್ನದು 1. ಬುಧವಾರ ಕನ್ನಡ ಮಾಸ್ತರು ಖಾಲಿ, ಅದನ್ನೂ ಸಮಾಜದಿಂದ ಕನ್ನಡಕ್ಕೆ ದಾಟಿಸಿದೆ. ಮಂಗಳವಾರದ್ದು ಹಿಂದಿಯಿಂದ ಕನ್ನಡಕ್ಕೆ ಹೋಯಿತು. ಗುರುವಾರದ್ದು ಹಿಂದಿಯಿಂದ ಇಂಗ್ಲಿಷ್‌ಗೆ. ನಾಲ್ಕು ದಾಟಿಸುವಿಕೆ ಆದ ಮೇಲೆ ಸಮಾಜ 3, ಗಣಿತ 1, ಉಳಿದ ನಾಲ್ವರೂ ತಲಾ 2. ಪಟ್ಟಿ ಹೀಗಿತ್ತು: ಸೋಮವಾರ ಸಮಾಜ–ಹಿಂದಿ, ಮಂಗಳವಾರ ಸಮಾಜ–ಕನ್ನಡ, ಬುಧವಾರ ವಿಜ್ಞಾನ–ಕನ್ನಡ, ಗುರುವಾರ ಸಮಾಜ–ಇಂಗ್ಲಿಷ್, ಶುಕ್ರವಾರ ಹಿಂದಿ–ಗಣಿತ, ಶನಿವಾರ ವಿಜ್ಞಾನ–ಇಂಗ್ಲಿಷ್.

ಇಲ್ಲಿಗೆ ಕೈ ಕಟ್ಟಿತು. ಸಮಾಜದ ಸರ್ ಒಂದು ಡ್ಯೂಟಿ ನನಗೆ ಕೊಡಬೇಕು. ಅವರ ಕೈಯಲ್ಲಿರುವುದು ಸೋಮ, ಮಂಗಳ, ಗುರು. ಆ ಮೂರೂ ದಿನ ನಾನು ಖಾಲಿ ಇಲ್ಲ. ನಾನು ಖಾಲಿ ಇರುವುದು ಶುಕ್ರ, ಶನಿ. ಶುಕ್ರವಾರ ಆಗಲೇ ನನ್ನದು, ಶನಿವಾರ ಅವರದೇ ವಿಷಯದ ಪರೀಕ್ಷೆ, ಅಲ್ಲಿ ಅವರ ಡ್ಯೂಟಿಯೇ ಇಲ್ಲ. ಬಹಳ ಜನ ಇಲ್ಲಿ "ಇನ್ನೇನ್ ಮಾಡೂದು, ಅಡ್ಜಸ್ಟ್ ಮಾಡ್ಕೋರಿ ಸರ" ಎಂದು ಕೈಬಿಡುತ್ತಾರೆ. ಹೆಡ್ ಮಾಸ್ತರೂ ಅದನ್ನೇ ಅಂದರು.

ಆದರೆ ನೇರ ದಾರಿ ಇಲ್ಲದಿದ್ದರೆ ನಡುವೆ ಇನ್ನೊಬ್ಬರನ್ನು ಇಟ್ಟುಕೊಂಡು ದಾಟಿಸಬಹುದು. ಹುಡುಕಾಟವನ್ನು ಕಡಿಮೆ ಇದ್ದವರಿಂದ, ಅಂದರೆ ನನ್ನಿಂದ ಶುರು ಮಾಡಬೇಕು. ನಾನು ಇನ್ನೂ ಯಾವ ದಿನ ಬರಬಲ್ಲೆ? ಶನಿವಾರ. ಶನಿವಾರ ಯಾರು ಇದ್ದಾರೆ? ವಿಜ್ಞಾನ ಮತ್ತು ಇಂಗ್ಲಿಷ್. ಇವರಲ್ಲಿ ಒಬ್ಬರ ಜಾಗ ನಾನು ತೆಗೆದುಕೊಂಡರೆ ಅವರದು ಒಂದಕ್ಕೆ ಇಳಿಯುತ್ತದೆ, ಅದನ್ನು ಬೇರೆ ದಿನದಿಂದ ತುಂಬಬೇಕು. ಇಂಗ್ಲಿಷ್ ಅಕ್ಕೋರು ಗುರುವಾರ, ಶನಿವಾರ ಎರಡೇ ದಿನ ಖಾಲಿ, ಎರಡೂ ದಿನ ಆಗಲೇ ಡ್ಯೂಟಿ ಇದೆ. ಆ ದಾರಿ ಮುಚ್ಚಿತು. ವಿಜ್ಞಾನ ಮಾಸ್ತರು ಸೋಮವಾರವೂ ಖಾಲಿ, ಆದರೆ ಸೋಮವಾರ ಅವರ ಡ್ಯೂಟಿ ಇಲ್ಲ. ಸೋಮವಾರ ಯಾರಿದ್ದಾರೆ? ಸಮಾಜದ ಸರ್, ಅವರ ಬಳಿ ಮೂರಿದೆ. ದಾರಿ ಸಿಕ್ಕಿತು.

ಸಮಾಜದ ಸರ್ ಸೋಮವಾರದ ಡ್ಯೂಟಿಯನ್ನು ವಿಜ್ಞಾನದವರಿಗೆ ಕೊಟ್ಟರು. ವಿಜ್ಞಾನದವರು ಶನಿವಾರದ್ದನ್ನು ನನಗೆ ಕೊಟ್ಟರು. ನಡುವಿನವರಿಗೆ ಒಂದು ಬಂತು, ಒಂದು ಹೋಯಿತು, ಅವರ ಲೆಕ್ಕ ಎರಡೇ ಉಳಿಯಿತು. ತುದಿಯ ಇಬ್ಬರ ಲೆಕ್ಕ ಮಾತ್ರ ಬದಲಾಯಿತು: 3 ಇದ್ದದ್ದು 2, 1 ಇದ್ದದ್ದು 2. ಕೊನೆಯ ಪಟ್ಟಿ ಸೋಮವಾರ ಹಿಂದಿ–ವಿಜ್ಞಾನ, ಮಂಗಳವಾರ ಸಮಾಜ–ಕನ್ನಡ, ಬುಧವಾರ ವಿಜ್ಞಾನ–ಕನ್ನಡ, ಗುರುವಾರ ಸಮಾಜ–ಇಂಗ್ಲಿಷ್, ಶುಕ್ರವಾರ ಹಿಂದಿ–ಗಣಿತ, ಶನಿವಾರ ಇಂಗ್ಲಿಷ್–ಗಣಿತ. ಎಲ್ಲರಿಗೂ ತಲಾ ಎರಡು.

ಶಾಲೆ ದೊಡ್ಡದಿದ್ದರೆ ಈ ಸರಪಳಿಯಲ್ಲಿ ನಡುವೆ ಇಬ್ಬರು, ಮೂವರು ಬರಬಹುದು. ಕ್ರಮ ಮಾತ್ರ ಇದೇ. ಇದರಲ್ಲಿ ನನಗೆ ಹಿಡಿಸಿದ ಸಂಗತಿ ಇನ್ನೊಂದಿದೆ. ಎರಡು ಅಥವಾ ಹೆಚ್ಚು ಅಂತರ ಇರುವ ಯಾವ ಇಬ್ಬರ ನಡುವೆಯೂ ಇಂಥ ಸರಪಳಿ ಸಿಗದೇ ಹೋದರೆ, ಆ ವೇಳಾಪಟ್ಟಿಯಲ್ಲಿ ಅದಕ್ಕಿಂತ ಸಮನಾದ ಹಂಚಿಕೆ ಇಲ್ಲವೇ ಇಲ್ಲ. ಇದು ಗಣಿತದಲ್ಲಿ ಸಾಧಿಸಿ ತೋರಿಸಿರುವ ಮಾತು. ಹಾಗಾಗಿ ಯಾರಾದರೂ "ಇನ್ನೂ ಚಲೋ ಮಾಡಬಹುದಿತ್ತು" ಅಂದರೆ ಹಾಳೆ ಅವರ ಮುಂದಿಟ್ಟು ಸರಪಳಿ ಹುಡುಕಿ ಕೊಡಿ ಅನ್ನಬಹುದು.

ಸರಪಳಿ ಸಿಗದ ಪ್ರಸಂಗ ಹೇಗಿರುತ್ತದೆ? ಶುಕ್ರವಾರವೂ ನನಗೆ ಒಂಬತ್ತನೇ ತರಗತಿಯ ಪೀರಿಯಡ್ ಇದ್ದಿದ್ದರೆ, ನಾನು ಬರಬಲ್ಲ ದಿನ ಶನಿವಾರ ಒಂದೇ ಆಗುತ್ತಿತ್ತು. ಯಾವ ಮಂತ್ರ ಹಾಕಿದರೂ ನನಗೆ ಒಂದಕ್ಕಿಂತ ಹೆಚ್ಚು ಬಾರದು. ಉಳಿದ 11 ಐದು ಜನರ ಮೇಲೆ ಬೀಳುತ್ತದೆ, ಅವರಲ್ಲಿ ಒಬ್ಬರಿಗೆ ಮೂರು ಆಗಲೇಬೇಕು. ಇದು ಒಬ್ಬರನ್ನು ನೋಡಿದರೆ ಗೊತ್ತಾಗುವ ತೊಡಕು. ಗುಂಪನ್ನು ನೋಡಿದರಷ್ಟೇ ಕಾಣುವ ತೊಡಕೂ ಇದೆ. ಮೂವರು ಶಿಕ್ಷಕರು ಶನಿವಾರ ಮಾತ್ರ ಖಾಲಿ ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರನ್ನೇ ನೋಡಿದರೆ ಪ್ರತಿಯೊಬ್ಬರಿಗೂ ಒಂದು ದಿನ ಇದೆ, ತಲಾ ಒಂದು ಡ್ಯೂಟಿಯಾದರೂ ಕೊಡಬಹುದು ಅನ್ನಿಸುತ್ತದೆ. ಆದರೆ ಶನಿವಾರ ಇರುವುದು ಎರಡೇ ಕುರ್ಚಿ. ಮೂವರಲ್ಲಿ ಒಬ್ಬರು ಬರಿಗೈಯಲ್ಲಿ ಉಳಿಯುತ್ತಾರೆ. ಇಂಗ್ಲೆಂಡಿನ ಗಣಿತಜ್ಞ ಫಿಲಿಪ್ ಹಾಲ್ 1935ರಲ್ಲಿ ಸಾಧಿಸಿದ ಪ್ರಮೇಯದ ತಿರುಳು ಇದೇ: ತಲಾ ಒಂದೊಂದು ಹೊಂದಿಸುವುದಕ್ಕೆ ಅಡ್ಡಿ ಬರುವುದು ಹೀಗೆ ಯಾವುದೋ ಒಂದು ಗುಂಪಿಗೆ ಒಟ್ಟಾಗಿ ಜಾಗ ಸಾಲದಿದ್ದಾಗ ಮಾತ್ರ. ಎಲ್ಲ ಗುಂಪಿಗೂ ಜಾಗ ಸಾಲುವಂತಿದ್ದರೆ ಹೊಂದಿಸುವ ದಾರಿ ಇದ್ದೇ ಇರುತ್ತದೆ.

ಅಂಥ ಗುಂಪು ಕಂಡಾಗ ಡ್ಯೂಟಿ ಪಟ್ಟಿಯನ್ನು ತಿರುವಿ ಪ್ರಯೋಜನವಿಲ್ಲ. ಪೀರಿಯಡ್ ಬದಲಿಸಬೇಕು. ಮೂವರಲ್ಲಿ ಒಬ್ಬರ ಬುಧವಾರದ ಪಾಠವನ್ನು ಮಧ್ಯಾಹ್ನಕ್ಕೆ ಒಯ್ದು, ಮಧ್ಯಾಹ್ನದವರನ್ನು ಬೆಳಿಗ್ಗೆಗೆ ತಂದರೆ ಗಂಟು ಬಿಚ್ಚುತ್ತದೆ. ಯಾವ ಪೀರಿಯಡ್ ಬದಲಿಸಬೇಕು ಎಂದು ಆ ಗುಂಪೇ ತೋರಿಸುತ್ತದೆ.

ಮೂರು ತಾಸಿನ ಪೂರ್ವಸಿದ್ಧತಾ ಪರೀಕ್ಷೆ ಬಂದಾಗ ಇದೇ ಕ್ರಮ ಇನ್ನಷ್ಟು ಬಿಗಿಯಾಗುತ್ತದೆ. ಬೆಳಗಿನ ನಾಲ್ಕೂ ಪೀರಿಯಡ್ ಖಾಲಿ ಇರುವ ಶಿಕ್ಷಕರು ಸಣ್ಣ ಶಾಲೆಯಲ್ಲಿ ಸಿಗುವುದು ಕಷ್ಟ. ಅದಕ್ಕೆ ನಾವು ಪರೀಕ್ಷೆಯನ್ನು ಎರಡು ಅರ್ಧ ಮಾಡಿ, ನಡುವೆ ಕೊಠಡಿ ಕೈಬದಲಿಸುತ್ತೇವೆ. ಆಗ ಎಣಿಕೆ ಅರ್ಧ ಡ್ಯೂಟಿಗಳಲ್ಲಿ. ಆದರೆ ಎರಡು ಅರ್ಧ ಒಂದೇ ಅಲ್ಲ ಅನ್ನುವುದು ಮಾಡಿದವರಿಗೆ ಗೊತ್ತು. ಮೊದಲರ್ಧದಲ್ಲಿ ಪ್ರಶ್ನೆಪತ್ರಿಕೆ ಹಂಚಿ, ಹಾಜರಿ ಹಾಕಿ, ಉತ್ತರಪತ್ರಿಕೆಗೆ ಸಹಿ ಮಾಡಿದರೆ ಆಮೇಲೆ ಸುಮ್ಮನೆ ಓಡಾಡಿಕೊಂಡಿರಬಹುದು. ಕೊನೆಯರ್ಧದವರು ಹೆಚ್ಚುವರಿ ಹಾಳೆ ಕೊಡುತ್ತ, ದಾರ ಕಟ್ಟಿಸುತ್ತ, ನೋಂದಣಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಎಣಿಸಿ ಕಟ್ಟು ಒಪ್ಪಿಸುವಷ್ಟರಲ್ಲಿ ಊಟದ ಗಂಟೆ ಹೊಡೆದಿರುತ್ತದೆ. ಒಬ್ಬರಿಗೇ ಸದಾ ಕೊನೆಯರ್ಧ ಬರದಂತೆ ನೋಡಿಕೊಳ್ಳಬೇಕು. ಕೈಬದಲಿಸುವ ಹೊತ್ತಿನಲ್ಲಿ ಒಬ್ಬರು ಪಾಠ ಮುಗಿಸಿ ಬರುವ ತನಕ ಇನ್ನೊಬ್ಬರು ಹೊರಡುವಂತಿಲ್ಲ. ಆ ಐದು ನಿಮಿಷ ಇವರ ತರಗತಿ ಗದ್ದಲ ಎಬ್ಬಿಸುತ್ತದೆ. ದೈಹಿಕ ಶಿಕ್ಷಕರು ಆಗ ವರಾಂಡದಲ್ಲಿ ಸೀಟಿ ಹಿಡಿದು ನಿಂತಿರಬೇಕು.

ಎಣಿಕೆಗೆ ನಾನು ಕಂಪ್ಯೂಟರಿನ ಸಾದಾ ಹಾಳೆ ಬಳಸುತ್ತೇನೆ. ಅಡ್ಡಸಾಲಿಗೆ ಒಬ್ಬ ಶಿಕ್ಷಕರು, ಉದ್ದಕ್ಕೆ ದಿನಗಳು. ಪಾಠವಿದ್ದರೆ `P`, ಸ್ವಂತ ವಿಷಯದ ದಿನ `X`, ಡ್ಯೂಟಿ ಇದ್ದರೆ `D`, ಖಾಲಿ ಇದ್ದರೆ ಏನೂ ಇಲ್ಲ. ಎಂಟನೆಯ ಕಾಲಂನಲ್ಲಿ ಈ ಒಂದು ಸೂತ್ರ:

```
=COUNTIF(B2:G2,"D")
```

ಪ್ರತಿ ದಿನದ ಕಾಲಂನ ಕೆಳಗೂ ಇಂಥದ್ದೇ ಸೂತ್ರ ಹಾಕಿದರೆ ಎರಡು ಬರುತ್ತದೋ ಇಲ್ಲವೋ ತಿಳಿಯುತ್ತದೆ. ಸರಪಳಿ ಹುಡುಕುವುದನ್ನು ಮಾತ್ರ ಪೆನ್ಸಿಲ್ ಹಿಡಿದು ಮುದ್ರಿಸಿದ ಹಾಳೆಯ ಮೇಲೆಯೇ ಮಾಡುತ್ತೇನೆ, ಕಣ್ಣಿಗೆ ಬೇಗ ಕಾಣುತ್ತದೆ.

ಇಷ್ಟೆಲ್ಲ ಮಾಡಿದ ಪಟ್ಟಿ ಶುಕ್ರವಾರ ಬೆಳಿಗ್ಗೆ ಕೆಟ್ಟಿತು. ಹಿಂದಿ ಅಕ್ಕೋರ ಮಗಳಿಗೆ ಜ್ವರ, ಸಿ.ಎಲ್. ಹಾಕಿ ಫೋನ್ ಮಾಡಿದರು. ಆ ದಿನ ಖಾಲಿ ಇದ್ದ ಮೂವರಲ್ಲಿ ನಾನು ಆಗಲೇ ಕೊಠಡಿಯಲ್ಲಿ, ಉಳಿದದ್ದು ಸಮಾಜದ ಸರ್ ಒಬ್ಬರೇ. ಅವರೇ ಹೋದರು, ಅವರದು 3, ಅಕ್ಕೋರದು 1. ವಾರದ ನಡುವೆ ಆಗಿದ್ದರೆ ಮುಂದಿನ ದಿನಗಳಲ್ಲಿ ಸರಿದೂಗಿಸಬಹುದಿತ್ತು. ಉಳಿದದ್ದು ಶನಿವಾರ ಮಾತ್ರ, ಆವತ್ತು ಅಕ್ಕೋರಿಗೆ ಬೆಳಿಗ್ಗೆ ಪಾಠ, ಸರ್ ಅವರದೇ ಪರೀಕ್ಷೆ.

ಇದಕ್ಕೆಂದೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಪರೀಕ್ಷೆ ಮುಗಿದ ದಿನ ಅದರಲ್ಲಿ ಯಾರಿಗೆ ಹಾಕಿದ್ದೆ ಅನ್ನುವುದನ್ನಲ್ಲ, ಯಾರು ನಿಜವಾಗಿ ಕೊಠಡಿಯಲ್ಲಿ ನಿಂತರು ಅನ್ನುವುದನ್ನು ಬರೆಯುತ್ತೇನೆ. ಮುಂದಿನ ಪರೀಕ್ಷೆಯ ಪಟ್ಟಿ ಸೊನ್ನೆಯಿಂದ ಶುರುವಾಗುವುದಿಲ್ಲ, ಈ ಎಣಿಕೆಯಿಂದ ಶುರುವಾಗುತ್ತದೆ. ಬೇರೆ ಶಾಲೆಗೆ ವರ್ಗವಾಗಿ ಹೋದವರ ಸಾಲು ಮುಚ್ಚಿ, ಹೊಸಬರಿಗೆ ಸೊನ್ನೆ ಬರೆಯದೆ ಉಳಿದವರ ಸರಾಸರಿ ಬರೆಯಬೇಕು. ಸೊನ್ನೆ ಬರೆದರೆ ಬಂದ ವಾರದಲ್ಲೇ ಹಳೆಯವರ ಬಾಕಿಯೆಲ್ಲ ಅವರ ತಲೆಗೆ ಬೀಳುತ್ತದೆ.

ಸೋಮವಾರ ಹಿಂದಿ ಅಕ್ಕೋರು ಬಂದಾಗ ನೋಟ್‌ಬುಕ್ ತೋರಿಸಿದೆ. ಅವರ ಸಾಲಿನಲ್ಲಿ ಒಂದು, ಸಮಾಜದ ಸರ್ ಸಾಲಿನಲ್ಲಿ ಮೂರು. ಕನ್ನಡಕ ಏರಿಸಿ ನೋಡಿದರು. "ಮುಂದಿನ ಪರೀಕ್ಷೆಗೆ ನನಗ ಒಂದ್ ಹೆಚ್ಚಿಗಿ ಬರೀರಿ. ಆದ್ರ ಶನಿವಾರ ಬ್ಯಾಡ್ರಿ ಸರ, ಅವತ್ತ ನಮ್ಮೂರ ಬಸ್ ಹನ್ನೊಂದುವರಿಗೇ ಐತಿ."